ಪೆಟ್ಟು ಬಿದ್ದ ಸಂಜೆಯ ಸಂದೇಶ: ಕಬಡ್ಡಿ ಕೋಚ್, ಪೋಷಕರು ಮತ್ತು ಕನ್‌ಕಷನ್ ಅನುಮಾನ

ಆಟದ ಮಧ್ಯೆ ವಿದ್ಯಾರ್ಥಿಯೊಬ್ಬನ ತಲೆಗೆ ಪೆಟ್ಟು ಬಿದ್ದಿದೆ, ಕನ್‌ಕಷನ್ ಇರಬಹುದೆಂದು ಕೋಚ್‌ಗೆ ಅನುಮಾನವಿದೆ. ಆ ಸಂಜೆ ಅವರು ಪೋಷಕರಿಗೆ ಏನು ಬರೆಯಬೇಕು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಅಮೆರಿಕ, ಕೆನಡಾ, ಬ್ರಿಟನ್ನಿನ ಶಾಲೆಗಳಲ್ಲಿ ಇಂಥ ಪತ್ರಗಳಿಗೆ ಸಿದ್ಧ ಮಾದರಿಗಳಿವೆ. ನಾನು ನೋಡಿದವುಗಳಲ್ಲಿ ಹೆಚ್ಚಿನವು ಎರಡು ಬೇರೆ ಕೆಲಸಗಳನ್ನು ಒಂದೇ ಪುಟಕ್ಕೆ ತುರುಕುತ್ತವೆ. ಮೊದಲನೆಯದು ಆ ರಾತ್ರಿಯ ಕಾವಲು. ಎರಡನೆಯದು ಮುಂದಿನ ಮೂರ್ನಾಲ್ಕು ವಾರಗಳಲ್ಲಿ ಹಂತಹಂತವಾಗಿ ಆಟಕ್ಕೆ ಮರಳುವ ಯೋಜನೆ. ಗಾಬರಿಯಲ್ಲಿರುವ ತಾಯಿತಂದೆ ಅಂಥ ಪುಟವನ್ನು ಓದುವಾಗ ಕಣ್ಣು ನೇರ ಕೊನೆಯ ಸಾಲಿಗೆ ಹೋಗುತ್ತದೆ: ಪಂದ್ಯಕ್ಕೆ ಯಾವಾಗ? ರಾತ್ರಿ ಗಮನಿಸಬೇಕಾದ ಲಕ್ಷಣಗಳು ಅಲ್ಲೇ ಮೇಲೆ ಉಳಿದುಬಿಡುತ್ತವೆ. ಹಾಗಾಗಿ ಇಲ್ಲಿ ಎರಡು ಸಂದೇಶಗಳನ್ನು ಬೇರೆಬೇರೆಯಾಗಿ ಬರೆದು, ಒಂದೊಂದು ಮಾತೂ ಏಕೆ ಬೇಕು ಎಂದು ಪರಿಶೀಲಿಸಿದ್ದೇನೆ.

ಉದಾಹರಣೆಗೆ ಕಬಡ್ಡಿಯನ್ನು ಆರಿಸಿಕೊಂಡಿದ್ದೇನೆ. ಕರ್ನಾಟಕದ ಶಾಲೆಗಳಲ್ಲಿ ಎಲ್ಲೆಡೆ ಆಡುವ, ಮೈಗೆ ಮೈ ತಾಗುವುದೇ ನಿಯಮವಾಗಿರುವ, ತಲೆಗೆ ಯಾವ ರಕ್ಷಣೆಯೂ ಇಲ್ಲದ ಆಟ ಇದು. ರೈಡರ್‌ನ ಪಾದ ಹಿಡಿಯಲು ಬಗ್ಗಿ ನುಗ್ಗುವ ಡಿಫೆಂಡರ್‌ನ ತಲೆ ಸರಿಯಾಗಿ ಎದುರಾಳಿಯ ಮಂಡಿಯ ಎತ್ತರಕ್ಕೆ ಬರುತ್ತದೆ. ಡ್ಯಾಶ್ ಹೊಡೆದಾಗ ಎರಡು ತಲೆಗಳು ಡಿಕ್ಕಿಯಾಗಬಹುದು. ಚೈನ್‌ಗೆ ಸಿಕ್ಕಿಬಿದ್ದವನು ಕೈ ಊರಲಾಗದೆ ಬಿದ್ದು ತಲೆ ಮ್ಯಾಟಿಗೆ ಬಡಿಯಬಹುದು. ಹದಿನಾಲ್ಕು ವರ್ಷದ ಒಬ್ಬ ಡಿಫೆಂಡರ್ ಇಲ್ಲಿನ ಉದಾಹರಣೆ. ಪ್ರಕರಣ ನಾನು ಕಟ್ಟಿದ್ದು, ಅದಕ್ಕೆ ಅನ್ವಯಿಸಿರುವ ನಿಯಮಗಳು ಮಾತ್ರ ಪ್ರಕಟಿತ ದಾಖಲೆಗಳವು.

ಮುಖ್ಯ ದಾಖಲೆಗಳು ಎರಡು. ಕ್ರೀಡಾ ಕನ್‌ಕಷನ್ ಕುರಿತ ಅಂತರರಾಷ್ಟ್ರೀಯ ತಜ್ಞರ ಸಮ್ಮೇಳನ 2001ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಅದರ ಆರನೆಯ ಸಭೆ 2022ರ ಅಕ್ಟೋಬರ್‌ನಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ, ಒಮ್ಮತದ ಹೇಳಿಕೆ 2023ರಲ್ಲಿ ಪ್ರಕಟವಾಯಿತು. ಅದೇ 2023ರಲ್ಲಿ ಬ್ರಿಟನ್ ಸರ್ಕಾರದ ಬೆಂಬಲದೊಂದಿಗೆ, ತಳಮಟ್ಟದ ಕ್ರೀಡೆಗೆಂದೇ ಇನ್ನೊಂದು ಮಾರ್ಗಸೂಚಿ ಹೊರಬಂತು. ಎರಡರ ಮೆಟ್ಟಿಲುಗಳು ಹೆಚ್ಚುಕಡಿಮೆ ಒಂದೇ, ಆದರೆ ದಿನಗಳ ಲೆಕ್ಕದಲ್ಲಿ ದೊಡ್ಡ ಅಂತರವಿದೆ. ಆ ಅಂತರವೇ ನಮ್ಮ ಕೋಚ್‌ಗೆ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಸಂದೇಶ ಹೀಗಿರಬಹುದು. ಇದು ಫೋನಿಗೆ ಬದಲಿಯಲ್ಲ. ಮೊದಲು ಫೋನ್ ಮಾಡಿ ಮಾತಾಡಿ, ಅನಂತರ ಕಳಿಸುವ ಬರಹ.

"ನಮಸ್ಕಾರ. ನಾನು ಶಾಲೆಯ ಕಬಡ್ಡಿ ಕೋಚ್. ಈಗ ಫೋನಿನಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ, ಮನೆಯವರೆಲ್ಲ ಓದಲಿ ಎಂದು. ಇವತ್ತು ಸಂಜೆ 5.20ಕ್ಕೆ ಅಭ್ಯಾಸದ ವೇಳೆ ರೈಡರ್‌ನ ಕಾಲು ಹಿಡಿಯಲು ಹೋದಾಗ ಅವನ ಮಂಡಿ ನಿಮ್ಮ ಮಗನ ಎಡಗಿವಿಯ ಮೇಲ್ಭಾಗಕ್ಕೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಎದ್ದಾಗ ಎರಡು ಹೆಜ್ಜೆ ತೂರಾಡಿದ. ಸ್ಕೋರ್ ಎಷ್ಟು, ಹಿಂದಿನ ರೈಡಿಗೆ ಯಾರು ಹೋಗಿದ್ದರು ಎಂದು ಕೇಳಿದೆ. ತಡೆದು ತಡೆದು ಹೇಳಿದ, ಒಂದನ್ನು ತಪ್ಪು ಹೇಳಿದ. ತಲೆ ನೋಯುತ್ತಿದೆ, ಬೆಳಕು ನೋಡಿದರೆ ಕಷ್ಟವಾಗುತ್ತದೆ ಅಂದ. ಇದು ಕನ್‌ಕಷನ್ ಇರಬಹುದೆಂದು ನನಗೆ ಅನುಮಾನ. ಹೌದೋ ಅಲ್ಲವೋ ಹೇಳಬೇಕಾದವರು ಡಾಕ್ಟರು. ಆಗಲೇ ಆಟದಿಂದ ಹೊರಗೆ ಕೂರಿಸಿದ್ದೇನೆ, ಇವತ್ತು ಮತ್ತೆ ಇಳಿಸುವುದಿಲ್ಲ. ನೀವು ಬರುವವರೆಗೆ ಅವನ ಪಕ್ಕದಲ್ಲೇ ಇರುತ್ತೇನೆ, ಒಬ್ಬನನ್ನೇ ಮನೆಗೆ ಕಳಿಸುವುದಿಲ್ಲ. ಇಲ್ಲಿಂದ ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಈ ಸಂದೇಶವನ್ನು ಅವರಿಗೆ ತೋರಿಸಿ.

ಇವತ್ತು ರಾತ್ರಿ ಅವನ ಜೊತೆ ದೊಡ್ಡವರೊಬ್ಬರು ಇರಲಿ. ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ಕಣ್ಣು ಕಾಣದಾದರೆ, ಕೈಕಾಲು ಜೋಮು ಹಿಡಿದರೆ ಅಥವಾ ಬಲ ಕಳೆದುಕೊಂಡರೆ, ಕತ್ತು ನೋಯುತ್ತದೆ ಎಂದರೆ, ಮಾತು ತೊದಲಿದರೆ, ಗುರುತು ಹಿಡಿಯಲು ತಡಕಾಡಿದರೆ, ಎಂದಿಲ್ಲದಂತೆ ರೇಗಾಡಿದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಕತ್ತು ನೋವಿದ್ದರೆ ಆಂಬ್ಯುಲೆನ್ಸ್ ಬರುವವರೆಗೆ ಅಲುಗಾಡಿಸಬೇಡಿ. ಡಾಕ್ಟರು ಹೇಳದೆ ಬ್ರೂಫೆನ್, ಆಸ್ಪಿರಿನ್ ಕೊಡಬೇಡಿ. ಡಾಕ್ಟರು ನೋಡಿ ಮನೆಗೆ ಕಳಿಸಿದ್ದರೆ ಮಲಗಲು ಬಿಡಿ, ನಿದ್ದೆ ಒಳ್ಳೆಯದೇ. ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ. ಆಟದ ವಿಷಯ ನಾಡಿದ್ದು ಮಾತಾಡೋಣ."

ಇದರಲ್ಲಿ ರೋಗನಿರ್ಣಯದ ಒಂದು ಮಾತೂ ಇಲ್ಲ ಎಂಬುದನ್ನು ಗಮನಿಸಬೇಕು. ಕೋಚ್ ತಾವು ಕಂಡದ್ದನ್ನು, ಕೇಳಿದ್ದನ್ನು, ಸಮಯವನ್ನು ಬರೆದಿದ್ದಾರೆ. ವೈದ್ಯರಿಗೆ ಬೇಕಾದದ್ದು ಅದೇ, ಏಕೆಂದರೆ ಹುಡುಗ ಆಸ್ಪತ್ರೆ ತಲುಪುವ ಹೊತ್ತಿಗೆ ತೂರಾಟ ನಿಂತಿರುತ್ತದೆ, ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸುತ್ತಾನೆ. ಮೈದಾನದ ಎರಡು ನಿಮಿಷ ಕಂಡವರು ಕೋಚ್ ಮಾತ್ರ. ಸ್ಕೋರ್ ಎಷ್ಟು, ಹಿಂದಿನ ಅಂಕ ಯಾರದು ಎಂಬ ಬಗೆಯ ಪ್ರಶ್ನೆಗಳನ್ನು ಮೈದಾನದ ತಪಾಸಣೆಯಲ್ಲಿ ಎಲ್ಲೆಡೆ ಬಳಸುತ್ತಾರೆ. ಇವತ್ತು ಯಾವ ವಾರ, ನಿನ್ನ ಹೆಸರೇನು ಎಂದು ಕೇಳುವುದಕ್ಕಿಂತ ಇವು ಮೇಲು, ಏಕೆಂದರೆ ಕನ್‌ಕಷನ್ ಆದವನು ತನ್ನ ಹೆಸರು ಮರೆಯುವುದಿಲ್ಲ, ಈಗಷ್ಟೇ ನಡೆದದ್ದು ಕೈತಪ್ಪುತ್ತದೆ. ಆದರೆ ಈ ಪರೀಕ್ಷೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ತಪ್ಪು ಉತ್ತರ ಅನುಮಾನವನ್ನು ಗಟ್ಟಿಮಾಡುತ್ತದೆ, ಸರಿಯುತ್ತರ ಅನುಮಾನವನ್ನು ತೆಗೆದುಹಾಕುವುದಿಲ್ಲ.

"ಪ್ರಜ್ಞೆ ತಪ್ಪಲಿಲ್ಲ" ಎಂಬ ವಾಕ್ಯವನ್ನು ಓದಿ ಪೋಷಕರು ನಿಟ್ಟುಸಿರು ಬಿಡುತ್ತಾರೆ. ಆದರೆ ಕ್ರೀಡೆಯಲ್ಲಾಗುವ ಕನ್‌ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ಹಾಗೆಯೇ, ಸಿ.ಟಿ. ಸ್ಕ್ಯಾನ್ "ನಾರ್ಮಲ್" ಬಂದರೆ ಕನ್‌ಕಷನ್ ಇಲ್ಲ ಎಂದಲ್ಲ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಮೂಳೆ ಮುರಿತವನ್ನು. ಕನ್‌ಕಷನ್‌ನಲ್ಲಿ ಕೆಡುವುದು ಕೋಶಗಳ ಕೆಲಸ, ಅದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಅಮೆರಿಕದ ಗಿಜಾ ಮತ್ತು ಹೋವ್ಡಾ 2001ರಲ್ಲಿ ಇದನ್ನು ವಿವರಿಸಿದ ರೀತಿ ಇವತ್ತಿಗೂ ಆಧಾರವಾಗಿದೆ. ತಲೆ ಜೋರಾಗಿ ಅಲುಗಾಡಿದಾಗ ನರಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೆ ಹರಿಯುತ್ತದೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಅದನ್ನು ಮತ್ತೆ ಸಮಸ್ಥಿತಿಗೆ ತರಲು ಕೋಶಗಳಿಗೆ ಗ್ಲೂಕೋಸ್ ಹೆಚ್ಚು ಬೇಕು. ಅದೇ ಹೊತ್ತಿನಲ್ಲಿ ಮಿದುಳಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಖರ್ಚು ಏರಿದ ತಿಂಗಳಲ್ಲೇ ಸಂಬಳ ಕಡಿತವಾದಂಥ ಸ್ಥಿತಿ ಅದು. ಆ ಅವಧಿಯಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ತಾಳಿಕೊಳ್ಳುವ ಶಕ್ತಿ ಮಿದುಳಿಗೆ ಕಡಿಮೆ.

ಆ ರಾತ್ರಿಯ ಕಾವಲು ಕನ್‌ಕಷನ್‌ಗಾಗಿ ಅಲ್ಲ, ಕನ್‌ಕಷನ್ ಎಂದುಕೊಂಡದ್ದು ಬೇರೇನಾದರೂ ಆಗಿದ್ದರೆ ಎಂಬುದಕ್ಕಾಗಿ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಶೇಖರವಾಗುವ ಗಾಯಗಳಲ್ಲಿ ಆರಂಭದಲ್ಲಿ ಮನುಷ್ಯ ಚೆನ್ನಾಗಿಯೇ ಓಡಾಡಿಕೊಂಡಿರಬಹುದು. ಭಾರತದ ಕ್ರಿಕೆಟಿಗ ರಮಣ್ ಲಾಂಬಾ 1998ರ ಫೆಬ್ರುವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದಾಗ ಚೆಂಡು ಹಣೆಗೆ ಬಡಿಯಿತು. ಅವರು ತಾವೇ ನಡೆದು ಡ್ರೆಸಿಂಗ್ ರೂಮ್ ಸೇರಿದರು. ಆಮೇಲೆ ಪ್ರಜ್ಞೆ ತಪ್ಪಿತು, ಶಸ್ತ್ರಚಿಕಿತ್ಸೆ ನಡೆಯಿತು, ಮೂರು ದಿನಗಳಲ್ಲಿ ತೀರಿಕೊಂಡರು. "ಏನೂ ಆಗಿಲ್ಲ ಸರ್, ಚೆನ್ನಾಗೇ ಓಡಾಡ್ತಿದ್ದಾನೆ" ಎಂದು ಮನೆಯವರು ಹೇಳಿದಾಗ ಕೋಚ್ ನೆನಪಿಡಬೇಕಾದದ್ದು ಈ ನಡುವಿನ ಸಮಾಧಾನದ ಹೊತ್ತನ್ನು. ಅದಕ್ಕೇ ಸಂದೇಶದಲ್ಲಿ "ಹೆಚ್ಚುತ್ತಾ ಹೋದರೆ", "ಮತ್ತೆ ಮತ್ತೆ" ಎಂಬ ಮಾತುಗಳಿವೆ. ತಲೆನೋವು ಇರುವುದಕ್ಕಿಂತ ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದೇ ಸೂಚನೆ.

"ಇವತ್ತು ಮತ್ತೆ ಇಳಿಸುವುದಿಲ್ಲ" ಎಂಬ ಒಂದು ಸಾಲಿಗೆ ಗಟ್ಟಿಯಾದ ಪುರಾವೆ ಇದೆ. ತಣ್ಣೀರು ಚಿಮುಕಿಸಿ, ಎರಡು ನಿಮಿಷ ಕೂರಿಸಿ ಮತ್ತೆ ಅಂಕಣಕ್ಕೆ ಬಿಡುವ ಅಭ್ಯಾಸ ನಮ್ಮ ಮೈದಾನಗಳಲ್ಲಿದೆ. 2016ರಲ್ಲಿ ಎಲ್ಬಿನ್ ಮತ್ತು ಸಂಗಡಿಗರು 69 ಹದಿಹರೆಯದ ಆಟಗಾರರನ್ನು ಎರಡು ಗುಂಪಾಗಿ ಹೋಲಿಸಿದರು: ಪೆಟ್ಟಾದ ಕೂಡಲೇ ಹೊರಬಂದವರು, ಮತ್ತು ಆಡುತ್ತಲೇ ಇದ್ದವರು. ಮೊದಲನೆಯವರು ಸರಾಸರಿ 22 ದಿನಗಳಲ್ಲಿ ಚೇತರಿಸಿಕೊಂಡರು, ಎರಡನೆಯವರಿಗೆ 44 ದಿನ ಹಿಡಿಯಿತು. ಪಂದ್ಯ ಬಿಟ್ಟುಕೊಡಲು ಒಪ್ಪದ ಪೋಷಕರಿಗೆ, ನನ್ನ ಮಟ್ಟಿಗೆ, ಅಪಾಯದ ಮಾತಿಗಿಂತ ಈ ಲೆಕ್ಕ ಬೇಗ ನಾಟುತ್ತದೆ.

ಇನ್ನು ಎರಡನೆಯ ಸಂದೇಶ. ಅದು ಹೋಗಬೇಕಾದದ್ದು ಎರಡು ದಿನ ಕಳೆದು, ವೈದ್ಯರು ನೋಡಿ ಕನ್‌ಕಷನ್ ಎಂದು ಹೇಳಿದ ಮೇಲೆ. ಅದರ ಮೊದಲ ಕೆಲಸ ಒಂದು ಹಳೆಯ ಸಲಹೆಯನ್ನು ಕಿತ್ತುಹಾಕುವುದು. ಕತ್ತಲೆ ಕೋಣೆಯಲ್ಲಿ ಪೂರ್ತಿ ಮಲಗಿಸಿಡಬೇಕು ಎಂಬ ಮಾತು ಕೆಲವು ವರ್ಷಗಳ ಹಿಂದಿನವರೆಗೂ ಚಲಾವಣೆಯಲ್ಲಿತ್ತು. 2015ರಲ್ಲಿ ಥಾಮಸ್ ಮತ್ತು ಸಂಗಡಿಗರು ಒಂದು ಗುಂಪಿಗೆ ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ, ಇನ್ನೊಂದಕ್ಕೆ ಒಂದೆರಡು ದಿನದ ವಿಶ್ರಾಂತಿ ಹೇಳಿ ನೋಡಿದರು. ಹೆಚ್ಚು ಮಲಗಿದವರೇ ಹೆಚ್ಚು ಲಕ್ಷಣಗಳನ್ನು ಹೇಳಿಕೊಂಡರು. 2019ರಲ್ಲಿ ಲೆಡ್ಡಿಯವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಲಕ್ಷಣ ಕೆರಳದಷ್ಟು ಮಿತಿಯಲ್ಲಿ ದಿನಾ ವ್ಯಾಯಾಮ ಮಾಡಿದ ಹದಿಹರೆಯದವರ ಮಧ್ಯಕ ಚೇತರಿಕೆ 13 ದಿನ, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು 17 ದಿನ. ಆದ್ದರಿಂದ ಈಗಿನ ಸಲಹೆ ಇಷ್ಟು: ಮೊದಲ 24ರಿಂದ 48 ಗಂಟೆ ಸಾವಧಾನ, ಮೊಬೈಲ್ ಮತ್ತು ಟಿ.ವಿ. ಕಡಿಮೆ, ಮನೆಯೊಳಗಿನ ಓಡಾಟ ಇರಲಿ. ಆಮೇಲೆ ನಿಧಾನವಾಗಿ ಚಲನೆ.

ಎಷ್ಟು ನಿಧಾನ ಎಂಬುದಕ್ಕೆ ಆ್ಯಮ್‌ಸ್ಟರ್‌ಡ್ಯಾಮ್ ಹೇಳಿಕೆ ಒಂದು ಸರಳ ಅಳತೆ ಕೊಡುತ್ತದೆ. ತಲೆನೋವು ಅಥವಾ ತಲೆಸುತ್ತಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲಿ. ವ್ಯಾಯಾಮ ಮಾಡಿದಾಗ ಆ ಅಂಕ ಎರಡಕ್ಕಿಂತ ಹೆಚ್ಚು ಏರದೆ, ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ಅಲ್ಲಿಗೆ ನಿಲ್ಲಿಸಿ, ಮರುದಿನ ಮತ್ತೆ ಪ್ರಯತ್ನ. ಪೋಷಕರು ಕೇಳಬೇಕಾದ ಪ್ರಶ್ನೆ "ಹೇಗಿದ್ದೀಯ?" ಎಂದಲ್ಲ, ಅದಕ್ಕೆ ಆಡುವ ಹುಡುಗ ಕೊಡುವ ಉತ್ತರ ಒಂದೇ. "ಹತ್ತಕ್ಕೆ ಎಷ್ಟು?" ಎಂದು ವ್ಯಾಯಾಮಕ್ಕೆ ಮೊದಲು, ಮುಗಿದ ತಕ್ಷಣ, ಒಂದು ಗಂಟೆಯ ನಂತರ ಕೇಳಿ ಕ್ಯಾಲೆಂಡರ್ ಮೇಲೆ ಬರೆದಿಡಬೇಕು. ಪ್ಯಾರಾಸಿಟಮಾಲ್ ನುಂಗಿ ಮಾಡಿದ ದಿನದ ಅಂಕ ಲೆಕ್ಕಕ್ಕಿಲ್ಲ, ಅದು ಮಾತ್ರೆಯ ಅಂಕ.

ಮೆಟ್ಟಿಲುಗಳು ಆರು. ಅವನ್ನು ಕಬಡ್ಡಿಯ ಭಾಷೆಗೆ ತಂದರೆ ಹೀಗಾಗುತ್ತದೆ. ಮೊದಲನೆಯದರಲ್ಲಿ ದಿನನಿತ್ಯದ ಓಡಾಟ, ನಡಿಗೆ. ಎರಡನೆಯದು ಉಸಿರು ಏರಿಸುವ ವ್ಯಾಯಾಮ, ಅದರಲ್ಲಿ ಎರಡು ಭಾಗ: ಗರಿಷ್ಠ ಹೃದಯಬಡಿತದ ಸುಮಾರು ಶೇ. 55ರವರೆಗೆ, ಆಮೇಲೆ ಶೇ. 70ರವರೆಗೆ. 220ರಲ್ಲಿ ವಯಸ್ಸನ್ನು ಕಳೆಯುವ ಒರಟು ಲೆಕ್ಕ ಹಿಡಿದರೆ ಹದಿನಾಲ್ಕರ ಹುಡುಗನ ಗರಿಷ್ಠ 206, ಅಂದರೆ ಮಿತಿಗಳು ಸುಮಾರು 113 ಮತ್ತು 144. ಕೈಗೆ ಕಟ್ಟುವ ಯಂತ್ರ ಬೇಕಿಲ್ಲ. ನಿಂತ ತಕ್ಷಣ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡ್ ಎಣಿಸಿದರೆ ಮೊದಲ ಭಾಗದಲ್ಲಿ 28, ಎರಡನೆಯದರಲ್ಲಿ 36 ದಾಟಬಾರದು. ಮನೆಯ ಸೈಕಲ್, ಊರಿನ ಸಮತಟ್ಟಾದ ರಸ್ತೆಯ ಬಿರುಸು ನಡಿಗೆ ಸಾಕು. ಸೈಕಲ್ ಸ್ಟ್ಯಾಂಡ್ ಹಾಕಿ ತುಳಿಯಲಿ, ರಸ್ತೆಯಲ್ಲಿ ಬಿದ್ದರೆ ಎಲ್ಲ ಮೊದಲಿಂದ.

ಮೂರನೆಯದು ಒಬ್ಬನೇ ಮಾಡುವ ಕಬಡ್ಡಿ ಅಭ್ಯಾಸ. ಖಾಲಿ ಅಂಕಣದಲ್ಲಿ ಕಾಲ್ಚಳಕ, ದಿಕ್ಕು ಬದಲಿಸುವುದು, ಬೋನಸ್ ಗೆರೆಗೆ ಕಾಲು ಚಾಚುವುದು, ಮೂವತ್ತು ಸೆಕೆಂಡು "ಕಬಡ್ಡಿ ಕಬಡ್ಡಿ" ಎನ್ನುತ್ತಾ ಓಡುವುದು. ಉಸಿರು ಬಿಗಿಹಿಡಿದು ಓಡುವ ಈ ಶ್ರಮ ಬೇರೆ ಆಟಗಳಿಗಾಗಿ ಬರೆದ ಪಟ್ಟಿಗಳಲ್ಲಿ ಇಲ್ಲ. ಅದನ್ನು ಎರಡನೆಯದರಲ್ಲಿ ಸೇರಿಸದೆ ಇಲ್ಲಿಗೆ ಇಡುವುದು ನನ್ನ ಆಯ್ಕೆ. ಒಂದು ಎಚ್ಚರಿಕೆ: ಹನ್ನೆರಡು ಮಂದಿ ಅಭ್ಯಾಸ ಮಾಡುತ್ತಿರುವ ಮ್ಯಾಟಿನ ಮೂಲೆಯಲ್ಲಿ ಇದನ್ನು ಮಾಡಿಸಿದರೆ ಅದು ಮೂರನೆಯ ಮೆಟ್ಟಿಲಾಗಿ ಉಳಿಯುವುದಿಲ್ಲ. ಅಕಸ್ಮಾತ್ ತಲೆಗೆ ಪೆಟ್ಟು ಬೀಳುವ ಸಂಭವವಿದ್ದರೆ ವೈದ್ಯರ ಒಪ್ಪಿಗೆ ಇದಕ್ಕೂ ಮುಂಚೆಯೇ ಬೇಕು ಎಂದು ಮೂಲ ದಾಖಲೆ ಹೇಳುತ್ತದೆ.

ನಾಲ್ಕನೆಯದರಲ್ಲಿ ತಂಡದ ಜೊತೆ, ಆದರೆ ಹಿಡಿತವಿಲ್ಲದ ಅಭ್ಯಾಸ: ರೈಡರ್ ಬರುತ್ತಾನೆ, ಚೈನ್ ಸರಿಯುತ್ತದೆ, ಯಾರೂ ಯಾರನ್ನೂ ಹಿಡಿಯುವುದಿಲ್ಲ, ಯಾರೂ ನೆಲಕ್ಕೆ ಬೀಳುವುದಿಲ್ಲ. ಐದನೆಯದರಲ್ಲಿ ಪೂರ್ಣ ಹಿಡಿತ, ಡ್ಯಾಶ್, ಪಾದ ಹಿಡಿಯುವುದು. ಆರನೆಯದು ಪಂದ್ಯ. ಒಂದೊಂದಕ್ಕೂ ಕನಿಷ್ಠ 24 ಗಂಟೆ.

ಮೂರು ಮತ್ತು ನಾಲ್ಕರ ನಡುವೆ ಇರುವುದು ಉಳಿದವುಗಳಂಥ ಇನ್ನೊಂದು ಮೆಟ್ಟಿಲಲ್ಲ, ಬಾಗಿಲು. ಮೊದಲ ಮೂರನ್ನು ಸ್ವಲ್ಪ ತಲೆನೋವು ಇರುವಾಗಲೇ ಹತ್ತಬಹುದು. ನಾಲ್ಕಕ್ಕೆ ಕಾಲಿಡಬೇಕಾದರೆ ಲಕ್ಷಣ ಪೂರ್ತಿ ಹೋಗಿರಬೇಕು, ದಣಿದಾಗಲೂ ದಣಿದ ಮೇಲೂ ಮರುಕಳಿಸಬಾರದು, ಕಲಿಕೆ ಮೊದಲಿನಂತಾಗಿರಬೇಕು, ವೈದ್ಯರು ಒಪ್ಪಿರಬೇಕು. ನಾಲ್ಕು, ಐದು, ಆರರಲ್ಲಿ ಲಕ್ಷಣ ಮತ್ತೆ ಬಂದರೆ ಹಿಂದಕ್ಕೆ, ಮೂರಕ್ಕೆ. ಪೋಷಕರಿಗೆ ಬರೆಯುವಾಗ ಆರನ್ನೂ ಒಂದರ ಕೆಳಗೊಂದು ಸಮನಾಗಿ ಪಟ್ಟಿ ಮಾಡಿದರೆ ಈ ಬಾಗಿಲು ಕಾಣುವುದೇ ಇಲ್ಲ. ಆರು ಮೆಟ್ಟಿಲು, ಒಂದೊಂದಕ್ಕೆ ಒಂದು ದಿನ, ಅಂದರೆ ಮುಂದಿನ ಶನಿವಾರ ಆಡಬಹುದು ಎಂದೇ ಓದಿಕೊಳ್ಳುತ್ತಾರೆ.

ನಮ್ಮ ಹುಡುಗನ ದಿನಗಳನ್ನು ಲೆಕ್ಕ ಹಾಕೋಣ. ಪೆಟ್ಟು ಬಿದ್ದ ಶನಿವಾರ ಸೊನ್ನೆಯ ದಿನ. ಭಾನುವಾರ ಮನೆಯಲ್ಲೇ, ತಲೆನೋವು ಹತ್ತಕ್ಕೆ ನಾಲ್ಕು. ಸೋಮವಾರ ಬೀದಿಯಲ್ಲಿ ಸ್ವಲ್ಪ ನಡಿಗೆ, ಹತ್ತು ನಿಮಿಷ ಓದು, ತಲೆನೋವು ಮೂರು. ಮಂಗಳವಾರ ಅರ್ಧ ದಿನ ಶಾಲೆ, ಸಂಜೆ ಕಾಲು ಗಂಟೆ ಸೈಕಲ್ ತುಳಿತ, ನಾಡಿ 28ರ ಒಳಗೆ. ನೋವು ಎರಡರಿಂದ ಮೂರಕ್ಕೆ ಏರಿ ಅರ್ಧ ಗಂಟೆಯಲ್ಲಿ ಇಳಿಯಿತು, ಸರಿ. ಬುಧವಾರ ಪೂರ್ತಿ ಶಾಲೆ, ಸಂಜೆ ಓಟ, ನಾಡಿ 36. ನೋವು ಎರಡರಿಂದ ಐದಕ್ಕೆ ಹೋಗಿ ಮಲಗುವವರೆಗೂ ಉಳಿಯಿತು. ಅಂಕ ಮೂರು ಏರಿದೆ, ಗಂಟೆ ದಾಟಿದೆ, ಎರಡೂ ಮಿತಿ ಮೀರಿದವು. ಇದು ಅಪಾಯದ ಸೂಚನೆಯಲ್ಲ, ಬೇಗ ಹತ್ತಿದ ಸೂಚನೆ. ಒಂದೇ ದಿನ ಪೂರ್ತಿ ಶಾಲೆಯನ್ನೂ ಓಟವನ್ನೂ ಸೇರಿಸಿದ್ದೇ ಕಾರಣವಿರಬಹುದು. ಗುರುವಾರ ಮತ್ತೆ ಸೈಕಲ್, ಶುಕ್ರವಾರ ಓಟ, ಈ ಸಲ ಸಲೀಸು. ಏಳು ಮತ್ತು ಎಂಟನೆಯ ದಿನ ಖಾಲಿ ಅಂಕಣದಲ್ಲಿ ಅಭ್ಯಾಸ. ಒಂಬತ್ತನೆಯ ದಿನ ಬೆಳಗ್ಗೆ ಸ್ವಲ್ಪ ತಲೆ ಭಾರ, ಅದೇ ಕೊನೆಯ ಲಕ್ಷಣ. ಹತ್ತನೆಯ ದಿನ ಚೆನ್ನಾಗಿ ಬೆವರು ಬರುವಂತೆ ಓಡಿಸಿದರೂ ಏನೂ ಇಲ್ಲ.

ಇಲ್ಲಿಂದ ಎರಡು ದಾಖಲೆಗಳು ಬೇರೆಬೇರೆ ದಾರಿ ಹಿಡಿಯುತ್ತವೆ. ಆ್ಯಮ್‌ಸ್ಟರ್‌ಡ್ಯಾಮ್ ಹೇಳಿಕೆಯ ಕನಿಷ್ಠ ಲೆಕ್ಕದಲ್ಲಿ, ವೈದ್ಯರು ಹನ್ನೊಂದನೆಯ ದಿನ ಒಪ್ಪಿದರೆ ಅಂದೇ ನಾಲ್ಕನೆಯ ಮೆಟ್ಟಿಲು, ಹನ್ನೆರಡಕ್ಕೆ ಐದು, 13ನೇ ದಿನ ಪಂದ್ಯ. ಬ್ರಿಟನ್ನಿನ ತಳಮಟ್ಟದ ಮಾರ್ಗಸೂಚಿ ಹೇಳುವುದೇ ಬೇರೆ: ತಲೆಗೆ ಪೆಟ್ಟು ಬೀಳುವ ಸಂಭವವಿರುವ ಅಭ್ಯಾಸಕ್ಕೆ ಮುಂಚೆ, ಸುಮ್ಮನಿರುವಾಗ 14 ದಿನ ಯಾವ ಲಕ್ಷಣವೂ ಇರಬಾರದು, ಮತ್ತು ಏನೇ ಆದರೂ 21ನೇ ದಿನಕ್ಕೆ ಮೊದಲು ಸ್ಪರ್ಧೆಯಿಲ್ಲ. ನಮ್ಮ ಹುಡುಗನಿಗೆ ಹತ್ತರಿಂದ ಇಪ್ಪತ್ಮೂರನೆಯ ದಿನದವರೆಗೆ ಆ ಹದಿನಾಲ್ಕು ದಿನ. 24ನೇ ದಿನ ಪೂರ್ಣ ಹಿಡಿತದ ಅಭ್ಯಾಸ, 25ನೇ ದಿನಕ್ಕಿಂತ ಮೊದಲು ಪಂದ್ಯವಿಲ್ಲ. ಒಂದೇ ಹುಡುಗ, ಒಂದೇ ಗಾಯ, ಹನ್ನೆರಡು ದಿನಗಳ ವ್ಯತ್ಯಾಸ.

ಯಾವುದು ಸರಿ ಎನ್ನುವುದು ಇಲ್ಲಿ ಪ್ರಶ್ನೆಯಲ್ಲ, ಯಾವುದು ಯಾರಿಗಾಗಿ ಬರೆದದ್ದು ಎಂಬುದು ಪ್ರಶ್ನೆ. ಮೊದಲನೆಯದು ಕನ್‌ಕಷನ್ ಬಲ್ಲ ವೈದ್ಯರು ಕೈಗೆ ಸಿಗುತ್ತಾರೆ, ಅವರು ಸಮತೋಲನ, ನೆನಪು, ಕಣ್ಣಿನ ಚಲನೆ ಎಲ್ಲ ಪರೀಕ್ಷಿಸಿ ಪ್ರತಿಯೊಬ್ಬರಿಗೂ ಬೇರೆಯಾಗಿ ನಿರ್ಧರಿಸುತ್ತಾರೆ ಎಂದು ಎಣಿಸುತ್ತದೆ. ಎರಡನೆಯದು ಅಂಥವರು ಸಿಗದ ಮೈದಾನಕ್ಕಾಗಿ ಬರೆದದ್ದು. ಪರೀಕ್ಷೆಯ ಕೊರತೆಯನ್ನು ಅದು ದಿನಗಳಿಂದ ತುಂಬುತ್ತದೆ. ತಾಲ್ಲೂಕು ಮಟ್ಟದ ನಮ್ಮ ಶಾಲೆಯ ಅಂಕಣ ಎರಡನೆಯದಕ್ಕೆ ಹತ್ತಿರ. ಅಲ್ಲಿ "ಫಿಟ್" ಎಂದು ಬರೆದುಕೊಡುವ ವೈದ್ಯರು ಹುಡುಗನನ್ನು ಕುರ್ಚಿಯ ಮೇಲೆ ಕೂತಾಗ ನೋಡಿರುತ್ತಾರೆ, ಓಡಿದ ಮೇಲೆ ಅಲ್ಲ. ಹಾಗಾಗಿ ಕೋಚ್ 21 ಮತ್ತು 14ರ ಲೆಕ್ಕವನ್ನೇ ಸಂದೇಶದಲ್ಲಿ ಬರೆಯಬೇಕು, ಮತ್ತು ಕ್ಯಾಲೆಂಡರ್ ಮೇಲಿನ ಅಂಕಗಳ ಫೋಟೊವನ್ನು ವೈದ್ಯರಿಗೆ ತೋರಿಸಲು ಪೋಷಕರಿಗೆ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ನಾಲ್ಕು ವಾರ ಕಳೆದರೂ ಲಕ್ಷಣ ಉಳಿದಿದ್ದರೆ ಮೆಟ್ಟಿಲು ಹತ್ತಿಸುವುದು ಬಿಟ್ಟು ನರರೋಗ ತಜ್ಞರಿಗೆ ತೋರಿಸಬೇಕು.

ಈ ಸಂದೇಶದ ಇನ್ನೊಂದು ಕೆಲಸ ಪೋಷಕರನ್ನೂ ಕೋಚ್‌ನನ್ನೂ ಒಂದೇ ಮಾಹಿತಿಯ ಮೇಲೆ ನಿಲ್ಲಿಸುವುದು. ಕೆನಡಾದ ಆಟವಾದಲ್ಲಿ 2013ರ ಮೇ ತಿಂಗಳಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಶಾಲಾ ರಗ್ಬಿ ನಾಯಕಿ ಆರು ದಿನಗಳಲ್ಲಿ ಮೂರು ಪಂದ್ಯ ಆಡಿದಳು, ಮೂರರಲ್ಲೂ ತಲೆಗೆ ಪೆಟ್ಟು ತಿಂದಳು. ತನಗೆ ಕನ್‌ಕಷನ್ ಆಗಿರಬಹುದು ಎಂಬ ಅನುಮಾನ ಅವಳಿಗೇ ಬಂದಿತ್ತು, ಗೆಳತಿಯರಿಗೆ ಮೆಸೇಜಿನಲ್ಲಿ ಬರೆದಿದ್ದಳು. ತಾಯಿತಂದೆಗೂ ಕೋಚ್‌ಗೂ ಹೇಳಿರಲಿಲ್ಲ. ಮೂರನೆಯ ಪಂದ್ಯದ ನಂತರ ಅವಳು ಬದುಕುಳಿಯಲಿಲ್ಲ. 2015ರ ವಿಚಾರಣೆಯ ಶಿಫಾರಸುಗಳನ್ನು ಆಧರಿಸಿ ಒಂಟಾರಿಯೊ ಪ್ರಾಂತ 2018ರಲ್ಲಿ ಅವಳ ಹೆಸರಿನಲ್ಲೇ ಕಾಯ್ದೆ ಮಾಡಿತು. ಅಲ್ಲಿ 18 ತುಂಬದ ಆಟಗಾರರ ಪೋಷಕರು ಕನ್‌ಕಷನ್ ಮಾಹಿತಿಯನ್ನು ಪ್ರತಿ ವರ್ಷ ಓದಿ ದೃಢೀಕರಿಸಬೇಕು. ನಮ್ಮ ಕೋಚ್‌ಗಳು ಇದರಿಂದ ತೆಗೆದುಕೊಳ್ಳಬಹುದಾದದ್ದು ಒಂದು ಸಣ್ಣ ಸಾಲು: "ಅವನ ಜೊತೆ ಆಡುವ ಗೆಳೆಯರನ್ನೂ ಕೇಳಿ. ನಮಗೆ ಹೇಳದ್ದನ್ನು ಅವರಿಗೆ ಹೇಳಿರುತ್ತಾನೆ." ಪೆಟ್ಟನ್ನು ಮುಚ್ಚಿಡುವುದಕ್ಕೆ ಆಟಗಾರರು ಕೊಡುವ ಕಾರಣಗಳ ಬಗ್ಗೆಯೂ ಅಧ್ಯಯನವಿದೆ. ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಆಟಗಾರರ ನಡುವೆ 2004ರಲ್ಲಿ ಮೆಕ್ರೀ ನಡೆಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕನ್‌ಕಷನ್‌ಗಳನ್ನು ಯಾರಿಗೂ ಹೇಳಿರಲಿಲ್ಲ. ಹೆಚ್ಚಿನವರು ಕೊಟ್ಟ ಕಾರಣ ಪಂದ್ಯ ತಪ್ಪುತ್ತದೆ ಎಂಬ ಭಯವಲ್ಲ, ಹೇಳುವಷ್ಟು ದೊಡ್ಡದಲ್ಲ ಎಂಬ ಎಣಿಕೆ.

ಎರಡನೆಯ ಸಂದೇಶದ ಕೊನೆಯ ಭಾಗವನ್ನು ಹೀಗೆ ಬರೆಯಬಹುದು. "ಮೂರನೆಯ ಹಂತದವರೆಗೆ ನೀವೂ ನಾನೂ ಅಂಕ ನೋಡಿಕೊಂಡು ನಡೆಸೋಣ. ಅಲ್ಲಿಂದ ಮುಂದಕ್ಕೆ ಡಾಕ್ಟರ ಚೀಟಿ ನನ್ನ ಕೈಗೆ ಬರದೆ ಅವನನ್ನು ತಂಡದ ಜೊತೆ ಅಂಕಣಕ್ಕೆ ಇಳಿಸುವುದಿಲ್ಲ. ಚೀಟಿ ಬಂದರೂ ಲಕ್ಷಣವಿಲ್ಲದ 14 ದಿನ ಮುಗಿಯುವವರೆಗೆ ಹಿಡಿತದ ಅಭ್ಯಾಸವಿಲ್ಲ, 21ನೇ ದಿನಕ್ಕೆ ಮೊದಲು ಪಂದ್ಯವಿಲ್ಲ. ಮಧ್ಯೆ ಟೂರ್ನಮೆಂಟ್ ಬಂದರೆ ಅವನ ಜಾಗಕ್ಕೆ ಬೇರೆಯವನನ್ನು ಆಡಿಸುತ್ತೇನೆ, ತಂಡದಲ್ಲಿ ಅವನ ಹೆಸರು ಹಾಗೇ ಇರುತ್ತದೆ."

ಕೊನೆಯ ವಾಕ್ಯವನ್ನು ಬಿಡಬಾರದು. ಜಾಗ ಹೋಗುತ್ತದೆ ಎಂಬ ಭಯವಿರುವ ಮನೆಯಲ್ಲಿ ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಸೊನ್ನೆ ಎಂಬ ಉತ್ತರವೇ ಬರುತ್ತದೆ, ಆಗ ಮೆಟ್ಟಿಲುಗಳ ಲೆಕ್ಕವೆಲ್ಲ ವ್ಯರ್ಥ. 21 ಎಂಬ ಅಂಕಿ ಕನಿಷ್ಠದ ಗೆರೆ ಮಾತ್ರ, ಆ ದಿನ ಆಡಿಸುತ್ತೇನೆ ಎಂಬ ಮಾತಲ್ಲ. ಆದ್ದರಿಂದ ಮುಂದಿನ ಪಂದ್ಯದ ತಾರೀಖನ್ನು ಈ ಎರಡು ಸಂದೇಶಗಳಲ್ಲಿ ಎಲ್ಲಿಯೂ ಬರೆಯಬಾರದು.